ನಿದ್ದೆಯಲ್ಲಿ ಮುಕ್ಕುವ, ಅದುರುವ, ನಗುವ ಕೂಸು: ಯಾವುದಕ್ಕೆ ಸುಮ್ಮನಿರಬೇಕು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು

ಹೆರಿಗೆಯಾಗಿ ಮನೆಗೆ ಬಂದ ಮೊದಲ ವಾರಗಳಲ್ಲಿ ಬಾಣಂತಿ ಕೋಣೆಯ ನಿದ್ದೆ ಕೆಡಿಸುವುದು ಕೂಸಿನ ಅಳು ಮಾತ್ರವಲ್ಲ. ಅಳದೆಯೂ ಅದು ರಾತ್ರಿಯಿಡೀ ಸದ್ದು ಮಾಡುತ್ತದೆ. ಗೊರಗೊರ ಎನ್ನುತ್ತದೆ, ಮುಖ ಕೆಂಪಗೆ ಮಾಡಿಕೊಂಡು ಮುಕ್ಕುತ್ತದೆ, ಮುಲುಗುತ್ತದೆ, ಉಸಿರು ಬಿಗಿಹಿಡಿದಂತೆ ಮಾಡಿ ಮತ್ತೆ ಸರಸರನೆ ಉಸಿರಾಡುತ್ತದೆ. ಬೆರಳು ಅದುರುತ್ತವೆ, ಕಾಲು ಒದೆಯುತ್ತದೆ, ನಡುವೆ ಯಾರೋ ಮಾತಾಡಿಸಿದಂತೆ ನಗುತ್ತದೆ. ಅಮ್ಮ ಎದ್ದು ಕೂರುತ್ತಾಳೆ, ಅಜ್ಜಿ 'ಹೊಟ್ಟೆನೋವು ಕಣೆ' ಅನ್ನುತ್ತಾರೆ, ಅಪ್ಪ ಮೊಬೈಲ್ ಹಿಡಿದು ಹುಡುಕಲು ಶುರು ಮಾಡುತ್ತಾನೆ. ಇಷ್ಟೆಲ್ಲ ನಡೆಯುವಾಗ ಕೂಸು ಮಾತ್ರ ನಿದ್ದೆಯಲ್ಲೇ ಇರುತ್ತದೆ.

ಈ ಚಟುವಟಿಕೆಯಲ್ಲಿ ಬಹುಪಾಲು ಆರೋಗ್ಯವಂತ ನಿದ್ದೆಯದೇ ಭಾಗ. ಆದರೆ ಕೆಲವು ಸದ್ದು, ಕೆಲವು ಅದುರುವಿಕೆ ಹಾಗಲ್ಲ. ದೂರದಿಂದ ಕೇಳಿದರೆ ಎರಡೂ ಒಂದೇ ಅನ್ನಿಸುತ್ತವೆ. ಹತ್ತಿರ ಹೋಗಿ, ಬೆಳಕು ಹಾಕಿ, ಒಂದು ನಿಮಿಷ ನೋಡಿದರೆ ಸಾಮಾನ್ಯವಾಗಿ ಬೇರೆ ಬೇರೆ ಕಾಣುತ್ತವೆ. ಏನನ್ನು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಹೇಳಿದೆ. ಇದು ತಿಂಗಳು ತುಂಬಿ ಹುಟ್ಟಿ, ವೈದ್ಯರು ನೋಡಿ ಮನೆಗೆ ಕಳಿಸಿದ ಮಕ್ಕಳಿಗೆ ಸಂಬಂಧಿಸಿದ ಮಾತು. ತಿಂಗಳು ತುಂಬದೆ ಹುಟ್ಟಿದ ಅಥವಾ ಹೃದಯ, ಶ್ವಾಸಕೋಶದ ತೊಂದರೆ ಇರುವ ಮಗುವಾದರೆ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.

ಕೂಸಿನ ನಿದ್ದೆಯಲ್ಲಿ ಎರಡು ಬಗೆ

ನವಜಾತ ಶಿಶು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗುತ್ತದೆ. ಆ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ರಿಯ ನಿದ್ದೆ, ಉಳಿದದ್ದು ಶಾಂತ ನಿದ್ದೆ. ದೊಡ್ಡವರಲ್ಲಿ ಕನಸು ಬೀಳುವ, ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಓಡಾಡುವ ನಿದ್ದೆ ಇದೆಯಲ್ಲ, ಸಕ್ರಿಯ ನಿದ್ದೆ ಅದರ ಎಳೆಯ ರೂಪ. ನಮಗೆ ಅದು ಇಡೀ ನಿದ್ದೆಯ ನಾಲ್ಕನೇ ಒಂದು ಪಾಲಿನಷ್ಟು. ಅಮೆರಿಕದ ಷಿಕಾಗೊದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಕಣ್ಣುಗುಡ್ಡೆ ಓಡಾಡುವ ಈ ನಿದ್ದೆಯ ಬಗ್ಗೆ ಪ್ರಕಟಿಸಿದರು. ಅದಕ್ಕೆ ಮೊದಲು ಅಸೆರಿನ್‌ಸ್ಕಿ ಮಲಗಿದ್ದ ಹಸುಗೂಸುಗಳ ರೆಪ್ಪೆಗಳನ್ನೇ ಗಂಟೆಗಟ್ಟಲೆ ನೋಡುತ್ತ ಕೂತಿದ್ದರು.

ದೊಡ್ಡವರು ಮಲಗಿದ ಕೂಡಲೇ ಶಾಂತ ನಿದ್ದೆಗೆ ಇಳಿಯುತ್ತಾರೆ. ಹಸುಗೂಸು ಹಾಗಲ್ಲ. ಅದು ನೇರವಾಗಿ ಸಕ್ರಿಯ ನಿದ್ದೆಗೇ ಹೋಗುತ್ತದೆ. ಅಲ್ಲಿ ಸುಮಾರು 20 ನಿಮಿಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಳೆದು, ಆಮೇಲೆ ಶಾಂತ ನಿದ್ದೆಗೆ ಇಳಿಯುತ್ತದೆ. ಒಂದು ಸುತ್ತು ಮುಗಿಯಲು 50ರಿಂದ 60 ನಿಮಿಷ ಬೇಕು. ಸುತ್ತು ಮುಗಿದ ಮೇಲೆ ಅರೆ ಎಚ್ಚರವಾದಂತೆ ಮಾಡಿ, ಮತ್ತೆ ಸಕ್ರಿಯ ನಿದ್ದೆ. ರಾತ್ರಿಯಿಡೀ ಗಂಟೆಗೊಮ್ಮೆ ಸದ್ದು ಏಳುವುದು ಇದರಿಂದಲೇ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಶಾಂತ ನಿದ್ದೆಯಲ್ಲಿ ಕೂಸು ಅಲ್ಲಾಡುವುದಿಲ್ಲ, ಮುಖ ಸಡಿಲವಾಗಿರುತ್ತದೆ, ಉಸಿರು ಒಂದೇ ಸಮನೆ ಸಾಗುತ್ತದೆ. ಆಗಾಗ ಒಮ್ಮೆ ಬೆಚ್ಚಿಬೀಳಬಹುದು, ಬಾಯಿ ಚೀಪಿದಂತೆ ಮಾಡಬಹುದು, ಅಷ್ಟೇ. ಸಕ್ರಿಯ ನಿದ್ದೆಯಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಸರಿಯುತ್ತದೆ, ಕೆಲವೊಮ್ಮೆ ರೆಪ್ಪೆ ಅರ್ಧ ತೆರೆದು ಬಿಳಿಭಾಗ ಕಾಣುತ್ತದೆ. ಹುಬ್ಬು ಗಂಟಿಕ್ಕುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮೈ ಮುರಿಯುತ್ತದೆ, ಉಸಿರು ಒಮ್ಮೆ ಜೋರು, ಒಮ್ಮೆ ನಿಧಾನ. ಒಂದೆರಡು ಸೆಕೆಂಡು ಅತ್ತು ಸುಮ್ಮನಾಗುವುದೂ ಉಂಟು. ಈ ಅಳುವಿಗೆ ಮಗುವನ್ನು ಎತ್ತಿಕೊಂಡರೆ, ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದಂತಾಗುತ್ತದೆ.

ಎತ್ತುವ ಮೊದಲು ಒಂದು ನಿಮಿಷ

ಸದ್ದು ಕೇಳಿ ಎಚ್ಚರವಾದಾಗ ಮೊದಲು ಬೆಳಕು ಹಾಕಿ. ಎಷ್ಟೋ ಮನೆಗಳ ಬಾಣಂತಿ ಕೋಣೆಯಲ್ಲಿ ರಾತ್ರಿಗೆ ನೀಲಿ ಅಥವಾ ಹಸಿರು ಝೀರೋ ಬಲ್ಬ್ ಇರುತ್ತದೆ. ಆ ಬೆಳಕಿನಲ್ಲಿ ಯಾವ ಮಗುವಿನ ತುಟಿಯೂ ನೀಲಿಯಾಗಿಯೇ ಕಾಣುತ್ತದೆ. ನಿಜವಾಗಿ ನೀಲಿಯಾದದ್ದು ಗೊತ್ತಾಗದೆಯೂ ಹೋಗಬಹುದು. ಬಿಳಿ ಬೆಳಕೇ ಬೇಕು. ಮೊಬೈಲ್ ಟಾರ್ಚನ್ನು ಗೋಡೆಯತ್ತ ತಿರುಗಿಸಿದರೆ ಅಲ್ಲಿಂದ ಮರಳಿ ಬರುವ ಬೆಳಕು ಸಾಕು, ಕೂಸಿನ ಕಣ್ಣಿಗೂ ಚುಚ್ಚುವುದಿಲ್ಲ.

ಆಮೇಲೆ ಬಣ್ಣ ನೋಡಿ. ನಮ್ಮ ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿ ತೀರ್ಮಾನಿಸಲಾಗದು. ತುಟಿಯ ಒಳಭಾಗ, ಒಸಡು, ನಾಲಗೆ ನಸುಗೆಂಪಾಗಿದ್ದರೆ ಸರಿ. ಅಂಗೈ ಅಂಗಾಲು ಮಾತ್ರ ತುಸು ನೀಲಿಯಾಗಿ ತಣ್ಣಗಿರುವುದು ಮೊದಲ ದಿನಗಳಲ್ಲಿ ಸಾಮಾನ್ಯ. ನಾಲಗೆ, ಒಸಡು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದು ಸಾಮಾನ್ಯವಲ್ಲ. ಮುಂದಿನ ಹೆಜ್ಜೆಗಳಿಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಬಣ್ಣ ಸರಿಯಿದ್ದರೆ ಹೊದಿಕೆ ಸರಿಸಿ, ಅಂಗಿ ಮೇಲೆತ್ತಿ, ಎದೆ ಮತ್ತು ಹೊಟ್ಟೆ ಎರಡೂ ಕಾಣುವಂತೆ ಮಾಡಿ ಉಸಿರು ಎಣಿಸಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಗಡಿಯಾರ ಹಿಡಿದು ಪೂರ್ತಿ 60 ಸೆಕೆಂಡು ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಕ್ರಿಯ ನಿದ್ದೆಯಲ್ಲಿ ಉಸಿರು ಸಮನಾಗಿರುವುದಿಲ್ಲವಾದ್ದರಿಂದ, ಸರಸರನೆ ಉಸಿರಾಡುವ ಹದಿನೈದು ಸೆಕೆಂಡು ಸಿಕ್ಕರೆ 80 ಎಂದು ಬರುತ್ತದೆ, ತಡೆಯುವ ಹೊತ್ತು ಸಿಕ್ಕರೆ 20 ಎಂದು ಬರುತ್ತದೆ. ಎರಡೂ ಸುಳ್ಳು ಲೆಕ್ಕ.

ನಿಮಿಷಕ್ಕೆ 30ರಿಂದ 60ರೊಳಗೆ ಇದ್ದರೆ ಸರಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ವೇಗದ ಉಸಿರಾಟ ಎಂದು ಪರಿಗಣಿಸಬೇಕು. ಆದರೆ ಒಂದೇ ಎಣಿಕೆಯ ಮೇಲೆ ತೀರ್ಮಾನ ಮಾಡುವುದಿಲ್ಲ. ಮಗು ಈಗಷ್ಟೇ ಅತ್ತಿದ್ದರೆ, ಹಾಲು ಕುಡಿದಿದ್ದರೆ, ನಾಲ್ಕಾರು ಬಟ್ಟೆ ಸುತ್ತಿ ಸೆಖೆಯಾಗಿದ್ದರೆ ಎಣಿಕೆ ಏರಿರುತ್ತದೆ. ಬಟ್ಟೆ ಸಡಿಲಿಸಿ, ಮಗು ಅಲ್ಲಾಡದೆ ಇರುವಾಗ ಇನ್ನೊಮ್ಮೆ ಪೂರ್ತಿ ನಿಮಿಷ ಎಣಿಸಿ. ಎರಡನೇ ಸಲವೂ 60 ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ನಿಂತು ನಿಂತು ಬರುವ ಉಸಿರು, ಗೊರಗೊರ ಸದ್ದು

ಹೀಗೆ ನೋಡುತ್ತಿರುವಾಗಲೇ ಉಸಿರು ನಿಂತುಹೋಗಬಹುದು. ಐದು ಸೆಕೆಂಡು, ಕೆಲವೊಮ್ಮೆ ಹತ್ತರ ಹತ್ತಿರ. ನಂತರ ಒಂದು ನಿಟ್ಟುಸಿರು, ಆಮೇಲೆ ಪುಟ್ಟಪುಟ್ಟ ವೇಗದ ಉಸಿರುಗಳು, ಮತ್ತೆ ತಡೆ. ನೋಡುವವರಿಗೆ ಜೀವ ಬಾಯಿಗೆ ಬರುತ್ತದೆ. ಆದರೆ ಇದು ಸಾಮಾನ್ಯ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಇಂಗಾಲದ ಡೈ ಆಕ್ಸೈಡ್ ಎಷ್ಟಿದೆ ಎಂದು ಅಳೆದು ಉಸಿರನ್ನು ಹೆಚ್ಚುಕಡಿಮೆ ಮಾಡುವ ಮಿದುಳಿನ ಭಾಗ ಇನ್ನೂ ಪಳಗಿಲ್ಲ. ಆಮ್ಲಜನಕ ಸ್ವಲ್ಪ ಹೆಚ್ಚಾದರೆ ಉಸಿರನ್ನು ಪೂರ್ತಿ ನಿಲ್ಲಿಸುತ್ತದೆ, ಸ್ವಲ್ಪ ಕಡಿಮೆಯಾದರೆ ಜೋರು ಮಾಡುತ್ತದೆ. ತಡೆಯ ಹೊತ್ತಿನಲ್ಲಿ ಬಣ್ಣ ಬದಲಾಗಬಾರದು, ಮೈ ಜೋತುಬೀಳಬಾರದು, ಉಸಿರು ತಾನಾಗಿಯೇ ಮರಳಬೇಕು. ಇಷ್ಟಿದ್ದರೆ ಚಿಂತೆಯಿಲ್ಲ. ತಡೆ 20 ಸೆಕೆಂಡು ತಲುಪಿದರೆ, ಅಥವಾ ಅದಕ್ಕಿಂತ ಚಿಕ್ಕದಾದರೂ ತುಟಿ ನಾಲಗೆ ನೀಲಿಯಾದರೆ, ಮೈ ಜೋತುಬಿದ್ದರೆ, ಅದು ತುರ್ತು. ಅಂಗಾಲನ್ನು ಬೆರಳಿನಿಂದ ಚುರುಕಾಗಿ ತಟ್ಟಿ, ಬೆನ್ನು ಉಜ್ಜಿ, ಜೊತೆಯಲ್ಲಿರುವವರು ಅದೇ ಹೊತ್ತಿಗೆ 108ಕ್ಕೆ ಕರೆ ಮಾಡಲಿ. ಉಸಿರು ಮರಳಿದರೂ ಆಸ್ಪತ್ರೆಗೆ ಹೋಗಲೇಬೇಕು.

ಗೊರಗೊರ ಸದ್ದಿನ ಕಥೆ ಸರಳ. ಹಸುಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ, ಮೂಗಿನ ದಾರಿಯೋ ತೀರ ಕಿರಿದು. ಒಂದು ಒಣಗಿದ ಸಿಂಬಳದ ಚೂರು, ಗಂಟಲ ಹಿಂದೆ ಉಳಿದ ಒಂದು ಗುಟುಕು ಹಾಲು ಸಾಕು, ಕೋಣೆಗೆಲ್ಲ ಕೇಳುವಷ್ಟು ಸದ್ದಾಗುತ್ತದೆ. 'ಎದೆಯಲ್ಲಿ ಕಫ ಕಟ್ಟಿದೆ' ಎಂದು ಮನೆಯವರು ಗಾಬರಿಯಾಗುವುದು ಇದಕ್ಕೇ. ಸದ್ದು ಮೂಗಿನದ್ದಾದರೂ ಅಂಗೈಯನ್ನು ಎದೆಯ ಮೇಲಿಟ್ಟರೆ ಗುರುಗುಟ್ಟಿದಂತೆ ಗೊತ್ತಾಗುತ್ತದೆ. ಹೀಗಾಗಿ ಎದೆ ಮುಟ್ಟಿ ಕಫ ಎಂದು ತೀರ್ಮಾನಿಸಬಾರದು.

ಮಗು ಹಾಲು ಕುಡಿಯುವಾಗ ನಡುನಡುವೆ ಉಸಿರಿಗಾಗಿ ಮೊಲೆ ಬಿಡದಿದ್ದರೆ, ಮೂಗಿಗೆ ಏನೂ ಮಾಡುವ ಅಗತ್ಯವಿಲ್ಲ. ಕುಡಿಯಲು ಕಷ್ಟವಾಗುತ್ತಿದ್ದರೆ ಹಾಲುಣಿಸುವ ಹತ್ತು ಹದಿನೈದು ನಿಮಿಷ ಮೊದಲು ಔಷಧಿ ಅಂಗಡಿಯಲ್ಲಿ ಸಿಗುವ ಮಕ್ಕಳ ಸಲೈನ್ ಹನಿಯನ್ನು ಒಂದೊಂದು ಹೊಳ್ಳೆಗೆ ಒಂದೆರಡು ತೊಟ್ಟು ಬಿಟ್ಟು, ಮೂಗಿನ ಅಂಚಿಗೆ ಬಂದದ್ದನ್ನು ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ದೊಡ್ಡವರ ಮೂಗುಕಟ್ಟಿನ ಔಷಧಿ ಹನಿ ಬೇಡ. ಕೊಬ್ಬರಿ ಎಣ್ಣೆಯಾಗಲಿ, ಹರಳೆಣ್ಣೆಯಾಗಲಿ ಮೂಗಿಗೆ ಬಿಡಲೇಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಉಳಿದು ನ್ಯುಮೋನಿಯಾ ತರುತ್ತದೆ. ಸ್ನಾನವಾದ ಮೇಲೆ ಸಾಂಬ್ರಾಣಿ, ಲೋಬಾನದ ಹೊಗೆ ಹಾಕುವ ಮನೆಗಳಲ್ಲಿ ಮಗುವಿನ ಮೂಗು ಹೆಚ್ಚು ಕಟ್ಟಲು ಆ ಹೊಗೆಯೇ ಕಾರಣವಾಗಬಹುದು. ಅದನ್ನು ನಿಲ್ಲಿಸುವುದು ಯಾವ ಹನಿಗಿಂತಲೂ ಒಳ್ಳೆಯ ಮದ್ದು. ಹಿರಿಯರಿಗೆ ಇದನ್ನು ನಯವಾಗಿಯೇ ಹೇಳಬಹುದು: ತಲೆ ಆರಬೇಕೆಂಬುದು ಅವರ ಕಾಳಜಿ, ಅದಕ್ಕೆ ಒಣಗಿದ ಬಟ್ಟೆಯೊಂದು ಸಾಕು.

ಸೀರೆ ಕಟ್ಟಿದ ಜೋಲಿಯಲ್ಲಿ ಮಲಗಿಸಿದಾಗ ಮಾತ್ರ ಗೊರಕೆಯಂಥ ಸದ್ದು ಬರುತ್ತಿದೆಯೇ ನೋಡಿ. ಅಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಇದು ನಿದ್ದೆಯ ಸದ್ದಲ್ಲ, ಭಂಗಿಯ ಸದ್ದು, ಅಪಾಯಕಾರಿ ಕೂಡ. ಸಮತಟ್ಟಾದ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ, ಅಂಗಾತ ಮಲಗಿಸಿದ ಕೂಡಲೇ ಆ ಸದ್ದು ನಿಲ್ಲುತ್ತದೆ.

ಉಸಿರು ಒಳಗೆ ಎಳೆದುಕೊಳ್ಳುವಾಗ ಕೀರಲು ದನಿ ಬರುತ್ತಿದ್ದರೆ ಅದು ಬೇರೆ ವಿಷಯ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಶುರುವಾಗಿ, ಅತ್ತಾಗ, ಹಾಲು ಕುಡಿಯುವಾಗ, ಅಂಗಾತ ಮಲಗಿದಾಗ ಹೆಚ್ಚಾಗುವ ಈ ಸದ್ದಿಗೆ ಸಾಮಾನ್ಯ ಕಾರಣ ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿರುವುದು. ಹೆಚ್ಚಿನ ಮಕ್ಕಳಲ್ಲಿ ಒಂದು, ಒಂದೂವರೆ ವರ್ಷದೊಳಗೆ ತಾನೇ ಸರಿಹೋಗುತ್ತದೆ. ಆದರೂ ಮಕ್ಕಳ ವೈದ್ಯರು ಒಮ್ಮೆ ನೋಡಿ ತೂಕ ಏರುತ್ತಿದೆಯೇ ಎಂದು ಪರೀಕ್ಷಿಸಬೇಕು. ಸದ್ದು ಕಡಿಮೆಯಾಗುತ್ತದೆಂದು ಬೋರಲು ಮಲಗಿಸಬೇಡಿ.

ಮುಕ್ಕುವುದು

ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಸಕ್ರಿಯ ನಿದ್ದೆಯಲ್ಲಿ ಕೂಸು ಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿ 'ಉಂ... ಉಂ...' ಎಂದು ತಿಣುಕುತ್ತದೆ. ಸ್ವಲ್ಪ ಹೊತ್ತಿಗೆ ಹೂಸು ಬಿಡುತ್ತದೆ, ಅಥವಾ ಏನೂ ಆಗದೆ ಸುಮ್ಮನಾಗುತ್ತದೆ. ಗಾಳಿ, ಮಲ ಕೆಳಗೆ ಸರಿಯಲು ಹೊಟ್ಟೆಯ ಸ್ನಾಯು ಬಿಗಿಯಬೇಕು, ಅದೇ ಹೊತ್ತಿಗೆ ಗುದದ್ವಾರ ಸಡಿಲಾಗಬೇಕು. ಈ ಎರಡನ್ನೂ ಹೊಂದಿಸುವುದನ್ನು ಮಗು ಇನ್ನೂ ಕಲಿಯುತ್ತಿದೆ. ಮೇಲಿನಿಂದ ಒತ್ತುತ್ತದೆ, ಕೆಳಗೆ ಬಿಗಿಹಿಡಿಯುತ್ತದೆ. ಮಲ ಮೆತ್ತಗೆ ಬರುತ್ತಿದ್ದರೆ ಇದು ಮಲಬದ್ಧತೆಯಲ್ಲ, ನೋವೂ ಅಲ್ಲ. ಕೆಲವು ವಾರಗಳಲ್ಲಿ ತಾನೇ ಕಲಿಯುತ್ತದೆ. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಇಡುವುದು, ಸಾಬೂನಿನ ಚೂರು ಇಡುವುದು ನಮ್ಮಲ್ಲಿ ಹಳೆಯ ರೂಢಿ. ಇಟ್ಟ ಕೂಡಲೇ ಮಗು ಹೇಲುತ್ತದೆ, ಆದ್ದರಿಂದ ಫಲ ಕೊಟ್ಟಿತು ಎನಿಸುತ್ತದೆ. ಆದರೆ ಎಳೆಯ ಚರ್ಮ ಗಾಯವಾಗುತ್ತದೆ, ಮಗು ತಾನಾಗಿ ಕಲಿಯಬೇಕಾದದ್ದು ಹೊರಗಿನ ಒತ್ತಾಸೆಗೆ ಒಗ್ಗಿಕೊಳ್ಳುತ್ತದೆ.

ಇದಕ್ಕೆ ಪೂರ್ತಿ ಬೇರೆಯದಾದ ಇನ್ನೊಂದು ಮುಲುಗು ಇದೆ. ಅದು ಶ್ವಾಸಕೋಶದ ತೊಂದರೆಯ ಗುರುತು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಕುಸಿಯತೊಡಗಿದಾಗ, ಅವನ್ನು ತೆರೆದಿಡಲು ಮಗು ಉಸಿರು ಬಿಡುವಾಗ ಗಂಟಲನ್ನು ಅರ್ಧ ಮುಚ್ಚಿಕೊಂಡು ಗಾಳಿಯನ್ನು ಒಳಗೇ ತಡೆಯುತ್ತದೆ. ಆ ತಡೆಯಿಂದ ಹೊರಡುವ ಸದ್ದೇ ಈ ಮುಲುಗು. ಕಾರಣ ಗೊತ್ತಿದ್ದರೆ ಗುರುತಿಸುವುದು ಸುಲಭ. ಗಾಳಿಚೀಲ ಪ್ರತಿ ಉಸಿರಿಗೂ ಕುಸಿಯುವುದರಿಂದ ಸದ್ದೂ ಪ್ರತಿ ಉಸಿರಿಗೂ ಬರುತ್ತದೆ, ಅದೂ ಉಸಿರು ಹೊರಬಿಡುವಾಗ. ಚಿಕ್ಕದಾಗಿ, ಒಂದೇ ತಾಳದಲ್ಲಿ, ನಿಮಿಷಗಟ್ಟಲೆ ಬಿಡದೆ ಬರುತ್ತದೆ. ಮೈ ಮುರಿತ, ಕಾಲೆಳೆತ ಜೊತೆಗಿರುವುದಿಲ್ಲ. ಮಗು ಅಲ್ಲಾಡದೆ ಮಲಗಿದ್ದರೂ, ಎಚ್ಚರವಾದರೂ ನಿಲ್ಲುವುದಿಲ್ಲ. ನಿದ್ದೆಯ ಮುಕ್ಕುವಿಕೆಯೋ ಕಂತುಕಂತಾಗಿ ಬಂದು, ನಡುವೆ ಹತ್ತಾರು ಉಸಿರು ಸದ್ದಿಲ್ಲದೆ ಸಾಗುತ್ತವೆ.

ಹಾಗಾಗಿ ಸದ್ದಿನ ಜೋರು ನೋಡಬೇಡಿ, ಲಯ ನೋಡಿ. ಇಡೀ ಮನೆ ಎಬ್ಬಿಸುವಂತೆ ಮುಕ್ಕುವ ಕೂಸು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮೆಲ್ಲಗೆ, ಪ್ರತಿ ಉಸಿರಿಗೊಮ್ಮೆ ಮುಲುಗುವ ಕೂಸಿಗೇ ತಕ್ಷಣ ವೈದ್ಯರು ಬೇಕು.

ಇದರ ಜೊತೆಗೆ ಎದೆಯನ್ನೂ ನೋಡಿ. ಸಕ್ರಿಯ ನಿದ್ದೆಯಲ್ಲಿ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸಡಿಲವಾಗಿರುತ್ತವೆ, ಉಸಿರಿನ ಕೆಲಸವೆಲ್ಲ ವಪೆಯದು. ಅದರಿಂದ ಹೊಟ್ಟೆ ಉಬ್ಬುವಾಗ ಎದೆ ತುಸು ಒಳಗೆ ಹೋದಂತೆ ಕಾಣಬಹುದು. ಇದು ಬಂದು ಹೋಗುವಂಥದ್ದು, ಆಳವಿಲ್ಲದ್ದು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಆಳವಾದ ಗುಳಿ ಬಿದ್ದರೆ, ಶಾಂತ ನಿದ್ದೆಯಲ್ಲೂ ಅದು ಮುಂದುವರಿದರೆ, ಅದು ಪಕ್ಕೆ ಸೆಳೆತ, ಉಸಿರಾಟದ ತೊಂದರೆಯ ಗುರುತು. ಮೂಗಿನ ಹೊಳ್ಳೆಗಳು ಪ್ರತಿ ಉಸಿರಿಗೆ ಅರಳುವುದು, ಉಸಿರಿನೊಡನೆ ತಲೆ ತೂಗುವುದು ಅದರ ಜೊತೆಗಾರರು.

ಅದುರುವುದು, ಬೆಚ್ಚುವುದು

ಸಕ್ರಿಯ ನಿದ್ದೆಯ ಅದುರುವಿಕೆ ಚೂರುಚೂರಾಗಿರುತ್ತದೆ. ಒಂದು ಬೆರಳು, ಆಮೇಲೆ ತುಟಿಯ ಅಂಚು, ಆಮೇಲೆ ಬಲಗಾಲು. ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಇದು ಮಿದುಳಿನ ವ್ಯರ್ಥ ಕಿಡಿಯಲ್ಲ. ಇಲಿಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ನಿದ್ದೆಯಲ್ಲಿ ಒಂದು ಅಂಗ ಅದುರಿದಾಗಲೆಲ್ಲ ಅದರ ಸುದ್ದಿ ಮಿದುಳಿಗೆ ಮರಳಿ ಹೋಗುವುದು ಕಂಡಿದೆ. ಯಾವ ನರ ಎಳೆದರೆ ಯಾವ ಅಂಗ ಅಲ್ಲಾಡುತ್ತದೆ ಎಂಬುದನ್ನು ಎಳೆಯ ಮಿದುಳು ಹೀಗೆ ಕಲಿಯುತ್ತದೆ ಎಂಬುದು ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಅವರ ತಂಡದ ವಾದ.

ಕೆಲವು ಮಕ್ಕಳಲ್ಲಿ ಇದಕ್ಕಿಂತ ಜೋರಾದದ್ದು ಕಾಣುತ್ತದೆ. ಎರಡೂ ತೋಳು ಒಟ್ಟಿಗೆ ಪಟಪಟನೆ ಹಲವು ಸಲ ಅದುರುತ್ತವೆ. ನಿಂತು ಮತ್ತೆ ಬರುತ್ತದೆ, ಕೆಲವೊಮ್ಮೆ ನಿಮಿಷಗಳವರೆಗೆ ಸಾಗುತ್ತದೆ. ನೋಡಿದವರು ಫಿಟ್ಸ್ ಎಂದೇ ಭಾವಿಸುತ್ತಾರೆ, ಹಳ್ಳಿಗಳಲ್ಲಿ ಬಾಲಗ್ರಹ ಎನ್ನುವುದೂ ಉಂಟು. ಇದು ನವಜಾತರ ನಿರುಪದ್ರವಿ ನಿದ್ರಾ ಅದುರುವಿಕೆ. ವೈದ್ಯರು ಇದನ್ನು ಪ್ರತ್ಯೇಕವಾಗಿ ಗುರುತಿಸಿ ಬರೆದದ್ದು 1982ರಲ್ಲಿ. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಶುರುವಾಗುತ್ತದೆ, ಹೆಚ್ಚಾಗಿ ಶಾಂತ ನಿದ್ದೆಯಲ್ಲೇ ಬರುತ್ತದೆ, ಮುಖವನ್ನು ಅಷ್ಟಾಗಿ ಮುಟ್ಟುವುದಿಲ್ಲ, ಬಹುತೇಕ ಮಕ್ಕಳಲ್ಲಿ ಆರು ತಿಂಗಳೊಳಗೆ ಮಾಯವಾಗುತ್ತದೆ.

ಪರೀಕ್ಷೆ ಒಂದೇ: ಎಬ್ಬಿಸಿ ನೋಡಿ. ಹೆಸರು ಕರೆದು, ಅಂಗಾಲು ಸವರಿ, ಕಣ್ಣು ತೆರೆಸಿ. ಎಚ್ಚರವಾದ ಕ್ಷಣಕ್ಕೆ ಅದುರುವಿಕೆ ಪೂರ್ತಿ ನಿಂತು, ಮಗು ಎಂದಿನಂತೆ ನೋಡಿದರೆ, ಹಾಲು ಕುಡಿದರೆ ಅದು ನಿದ್ದೆಯದು. ಎಚ್ಚರವಾಗಿ ಕಣ್ಣು ಬಿಟ್ಟ ಮೇಲೂ ಮುಂದುವರಿದರೆ ಅಲ್ಲ. ಇಲ್ಲಿ ಎರಡು ಕಡೆ ಎಡವುತ್ತಾರೆ. ಅದುರುವ ಕೈಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಲು ನೋಡುವುದು ಒಂದು. ನಿದ್ದೆಯ ಅದುರುವಿಕೆ ಹಾಗೆ ಹಿಡಿದರೆ ನಿಲ್ಲದಿರಬಹುದು, ಹೆಚ್ಚಾಗಲೂಬಹುದು. ಅದನ್ನು ಕಂಡು ಫಿಟ್ಸೇ ಖಚಿತ ಎಂದುಕೊಳ್ಳುತ್ತಾರೆ. ಇನ್ನೊಂದು, ಸಮಾಧಾನವಾಗಲಿ ಎಂದು ತೊಟ್ಟಿಲನ್ನು ಇನ್ನಷ್ಟು ತೂಗುವುದು. ಒಂದೇ ಲಯದ ತೂಗಾಟ ಈ ಅದುರುವಿಕೆಯನ್ನು ಕೆರಳಿಸುತ್ತದೆ. ತೊಟ್ಟಿಲು ನಿಲ್ಲಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಕಡಿಮೆಯಾಗುತ್ತದೆ.

ಫಿಟ್ಸ್‌ನ ಚಿತ್ರ ಬೇರೆ. ಕಣ್ಣು ತೆರೆದು ಒಂದೇ ಕಡೆಗೆ ನಿಂತುಬಿಡುವುದು, ಒಂದೇ ಕೈ ಅಥವಾ ಕಾಲು ಒಂದೇ ಲಯದಲ್ಲಿ ಎಳೆಯುವುದು, ಮೈ ಸೆಟೆಯುವುದು, ಸೈಕಲ್ ತುಳಿದಂತೆ ಕಾಲು ಆಡಿಸುತ್ತ ಬಾಯಿ ಚಪ್ಪರಿಸುತ್ತಿರುವುದು, ಜೊತೆಗೆ ಬಣ್ಣ ಕೆಡುವುದು. ಎಚ್ಚರದಲ್ಲೂ ಬರುತ್ತದೆ, ಆದ ಮೇಲೆ ಮಗು ಮಂಕಾಗಿರುತ್ತದೆ. ಎಚ್ಚರದಲ್ಲಿ ಗದ್ದ, ಕೈ ನಡುಗಿ, ಮೆಲ್ಲಗೆ ಹಿಡಿದರೆ ನಿಲ್ಲುವ ನಡುಕ ಫಿಟ್ಸ್ ಅಲ್ಲ. ಆದರೆ ಪದೇಪದೇ ಬಂದರೆ ರಕ್ತದ ಸಕ್ಕರೆ ಅಥವಾ ಕ್ಯಾಲ್ಸಿಯಂ ಕಡಿಮೆಯಿರಬಹುದು, ತೋರಿಸಬೇಕು. ತೂಕ ಕಡಿಮೆಯಿದ್ದು, ಹಾಲು ಸರಿಯಾಗಿ ಸಿಗದ ಮಗುವಾದರೆ ಅಂದೇ ತೋರಿಸಿ.

ನಗುವಿನ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. 'ದೇವರು ನಗಿಸ್ತಿದ್ದಾನೆ' ಎಂದು ಹಿರಿಯರು ನೋಡಿ ಖುಷಿಪಡುವ ಆ ನಗು ಸಕ್ರಿಯ ನಿದ್ದೆಯಲ್ಲಿ ಹುಟ್ಟಿದ ದಿನದಿಂದಲೇ ಬರುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲೂ ಇದೆ. ಹೊಟ್ಟೆಯ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ಎಚ್ಚರದಲ್ಲಿ ನಿಮ್ಮ ಮುಖ ನೋಡಿ ನಗುವುದು ಆರರಿಂದ ಎಂಟು ವಾರದ ಹೊತ್ತಿಗೆ ಶುರುವಾಗುತ್ತದೆ. ನೋಡಲು ಚೆಂದ, ನೋಡಿ, ಮಲಗಿ.

ಒಂದು ರಾತ್ರಿಯನ್ನು ಹಿಡಿದು ನೋಡಿದರೆ

ಹದಿನಾಲ್ಕು ದಿನದ ಹೆಣ್ಣುಕೂಸು ಎಂದುಕೊಳ್ಳಿ. ಹುಟ್ಟಿದ ತೂಕ 2.9 ಕಿಲೊ, ಈಗ 3 ಕಿಲೊ. ರಾತ್ರಿ 1:15ಕ್ಕೆ ಹಾಲು ಕುಡಿದು ಮಲಗಿದೆ. 1:30ಕ್ಕೆ ಮುಕ್ಕುವ ಸದ್ದು. ಅಮ್ಮ ಎದ್ದು ಟಾರ್ಚನ್ನು ಗೋಡೆಗೆ ತಿರುಗಿಸುತ್ತಾಳೆ. ನಾಲಗೆ ನಸುಗೆಂಪು. ರೆಪ್ಪೆಯಡಿ ಕಣ್ಣು ಓಡಾಡುತ್ತಿದೆ, ಕಾಲು ಮಡಚುತ್ತಿದೆ. ಅಂಗಿ ಸರಿಸಿ ಎಣಿಸಿದರೆ ನಿಮಿಷಕ್ಕೆ 52. ನಡುವೆ ಒಮ್ಮೆ ಆರು ಸೆಕೆಂಡು ಉಸಿರು ತಡೆದು ತಾನೇ ಮರಳಿತು. ಮುಕ್ಕಿದ್ದು ಐದು ಸಲ, 52 ಉಸಿರಿಗೆ ಐದು ಸಲ ಮಾತ್ರ. ಅವಳು ಮುಟ್ಟುವುದಿಲ್ಲ. 1:40ಕ್ಕೆ ಎಲ್ಲ ನಿಂತು ಉಸಿರು ಸಮನಾಯಿತು, ಎಣಿಸಿದರೆ 38. ಶಾಂತ ನಿದ್ದೆ. 2:10ಕ್ಕೆ ಮತ್ತೆ ಮೈಮುರಿತ, ಎರಡು ಸೆಕೆಂಡಿನ ಅಳು. ಅಮ್ಮ ಎದೆಯ ಮೇಲೆ ಅಂಗೈ ಇಟ್ಟು ಕಾಯುತ್ತಾಳೆ, ಅರ್ಧ ನಿಮಿಷದಲ್ಲಿ ಮತ್ತೆ ನಿದ್ದೆ. 3:20ಕ್ಕೆ ಸದ್ದು ಬೇರೆ ಬಗೆಯದು: ಕಣ್ಣು ತೆರೆದಿದೆ, ತಲೆ ಅತ್ತಿತ್ತ ತಿರುಗಿಸಿ ಬಾಯಿ ಹುಡುಕುತ್ತಿದೆ, ಮುಷ್ಟಿ ಬಾಯಿಗೆ ಹೋಗುತ್ತಿದೆ. ಇದು ಹಸಿವು. ಜೋರಾಗಿ ಅಳುವ ಮೊದಲೇ ಎತ್ತಿ ಹಾಲು ಕೊಡುತ್ತಾಳೆ.

ಅದೇ ಕೂಸು, ಅದೇ 1:30. ಕಣ್ಣು ಓಡಾಡುತ್ತಿಲ್ಲ, ಮೈ ಅಲ್ಲಾಡುತ್ತಿಲ್ಲ, ಆದರೂ ಪ್ರತಿ ಉಸಿರಿಗೆ ಸಣ್ಣ ಮುಲುಗು. ಎಣಿಸಿದರೆ 66, ಬಟ್ಟೆ ಸಡಿಲಿಸಿ ಮತ್ತೆ ಎಣಿಸಿದರೆ 68. ಎಬ್ಬಿಸಿ ಮೊಲೆಗೆ ಹಾಕಿದರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತದೆ. ಇಲ್ಲಿ ಕಾಯುವ ಮಾತಿಲ್ಲ. ಹಾಲು ಬಲವಂತವಾಗಿ ಹಾಕದೆ, ಕೂಸನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಮೇಲೆ ಹೊದಿಸಿ, ಮೂಗುಬಾಯಿ ಕಾಣುವಂತಿರಿಸಿ ಹೊರಡಬೇಕು. 108 ಆಂಬುಲೆನ್ಸ್ ಉಚಿತ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇರುತ್ತದೆ, ನೇರ ಅಲ್ಲಿಗೆ ಹೋಗುವುದು ಒಳ್ಳೆಯದು.

ಮೈ ಬಿಸಿ ನೋಡಲು ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಡಿ. 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು, ಇಲ್ಲವೇ 35.5ಕ್ಕಿಂತ ಕಡಿಮೆ ಬಂದರೆ, ಉಸಿರಿನ ಎಣಿಕೆ ಸರಿಯಿದ್ದರೂ ಆಸ್ಪತ್ರೆಗೆ ಹೋಗಬೇಕು. ಕೂಸಿಗೆ ಕೆಲವೊಮ್ಮೆ ಸೋಂಕು ತೋರುವುದು ಜ್ವರದಲ್ಲಲ್ಲ, ಮೈ ತಣ್ಣಗಾಗುವುದರಲ್ಲಿ, ಹಾಲು ಬಿಡುವುದರಲ್ಲಿ, ಎಬ್ಬಿಸಿದರೂ ಏಳದಿರುವುದರಲ್ಲಿ. ಸದ್ದೇ ಮಾಡದೆ ಗಂಟೆಗಟ್ಟಲೆ ಮಲಗಿರುವ, ಹಾಲಿಗೂ ಏಳದ ಕೂಸನ್ನು 'ಪಾಪ, ಒಳ್ಳೆ ಮಗು' ಎಂದು ಬಿಡಬೇಡಿ.

ಕಾಯುವುದಕ್ಕೂ ಮಿತಿ ಇದೆ

ಸಕ್ರಿಯ ನಿದ್ದೆಯಲ್ಲಿ ಎತ್ತಬೇಡಿ ಎನ್ನುವುದು ಹಾಲು ತಡಮಾಡಿ ಎಂದಲ್ಲ. ಹುಟ್ಟಿದ ತೂಕಕ್ಕೆ ಮರಳುವವರೆಗೆ, ಅಂದರೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ, ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯಾದರೂ ಕುಡಿಸಬೇಕು. 2.5 ಕಿಲೊಗಿಂತ ಕಡಿಮೆ ತೂಕದ ಮಕ್ಕಳಿಗೆ ಇನ್ನೂ ಹೆಚ್ಚು ದಿನ. ಹಾಗೆ ಎಬ್ಬಿಸುವುದಾದರೆ ಶಾಂತ ನಿದ್ದೆಯ ನಡುವೆ ಹೋಗಬೇಡಿ, ಏಳುವುದೇ ಇಲ್ಲ. ಕಣ್ಣು, ಬಾಯಿ ಆಡತೊಡಗಿದಾಗ ಎಬ್ಬಿಸಿದರೆ ಸುಲಭವಾಗಿ ಎದ್ದು ಚೆನ್ನಾಗಿ ಕುಡಿಯುತ್ತದೆ.

ತೋಳಿನಲ್ಲಿ ಮಲಗಿದ ಕೂಸನ್ನು ಕೆಳಗಿಟ್ಟ ಕೂಡಲೇ ಎದ್ದುಬಿಡುತ್ತದೆ ಎಂಬ ದೂರಿಗೂ ಉತ್ತರ ಇಲ್ಲಿದೆ. ಆಗ ಅದು ಸಕ್ರಿಯ ನಿದ್ದೆಯಲ್ಲೇ ಇರುತ್ತದೆ. ಸುಮಾರು 20 ನಿಮಿಷ ಕಳೆದು, ಕೈ ಎತ್ತಿ ಬಿಟ್ಟರೆ ಸೋತಂತೆ ಬೀಳುವ, ಉಸಿರು ಸಮನಾದ ಹೊತ್ತಿಗೆ ಇಟ್ಟರೆ ಮಲಗಿಯೇ ಇರುತ್ತದೆ. ಅಷ್ಟು ಹೊತ್ತು ಎತ್ತಿಕೊಂಡಿರುವವರು ತೂಕಡಿಸುವಂತಿದ್ದರೆ ಬೇಡ, ಎಚ್ಚರವಿರುವ ಇನ್ನೊಬ್ಬರ ಕೈಗೆ ಕೊಡಿ.

ಅನುಮಾನ ಉಳಿದರೆ ವಿಡಿಯೊ ಮಾಡಿ. ವೈದ್ಯರ ಮುಂದೆ ಕೂಸು ಎಂದೂ ಆ ಸದ್ದು ಮಾಡುವುದಿಲ್ಲ. ಬಿಳಿ ಬೆಳಕಿನಲ್ಲಿ, ಅಂಗಿ ಬಿಚ್ಚಿ, ತಲೆಯಿಂದ ಕಾಲಿನವರೆಗೆ ಕಾಣುವಂತೆ ಎರಡು ನಿಮಿಷ ಹಿಡಿಯಿರಿ. ಕಣ್ಣು ಕಾಣಬೇಕು, ಸದ್ದು ಕೇಳಬೇಕು, ಟಿವಿ ಆರಿಸಿ. ಅದುರುವಿಕೆಯಾದರೆ ಕೊನೆಯಲ್ಲಿ ಮಗುವನ್ನು ಎಬ್ಬಿಸುವುದನ್ನೂ ಅದೇ ವಿಡಿಯೊದಲ್ಲಿ ಹಿಡಿಯಿರಿ, ವೈದ್ಯರು ಮೊದಲು ನೋಡುವುದು ಅದನ್ನೇ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರುತ್ತಾರೆ. ಉಸಿರು ಎಣಿಸುವುದು, ಮೈ ಬಿಸಿ ನೋಡುವುದು ಅವರ ಕೆಲಸದ ಭಾಗ. ಮೊದಲ ಭೇಟಿಯಲ್ಲೇ ಅವರೆದುರು ನೀವೂ ಒಂದು ನಿಮಿಷ ಎಣಿಸಿ, ಇಬ್ಬರ ಲೆಕ್ಕ ತಾಳೆಯಾಗುತ್ತದೆಯೇ ನೋಡಿಕೊಳ್ಳಿ.

ಸುಮಾರು ಮೂರು ತಿಂಗಳ ಹೊತ್ತಿಗೆ ಮಗು ಶಾಂತ ನಿದ್ದೆಯಿಂದ ರಾತ್ರಿ ಶುರುಮಾಡಲು ಕಲಿಯುತ್ತದೆ, ಸದ್ದು, ಅದುರುವಿಕೆ ಇಳಿಯುತ್ತ ಬರುತ್ತವೆ. ಆರು ತಿಂಗಳಾದರೂ ನಿದ್ದೆಯ ಪಟಪಟ ಅದುರುವಿಕೆ ಹಾಗೆಯೇ ಇದ್ದರೆ, ಅಥವಾ ನಿಂತದ್ದು ಮತ್ತೆ ಎಚ್ಚರದಲ್ಲಿ ಕಾಣಿಸಿಕೊಂಡರೆ, ವಿಡಿಯೊ ಹಿಡಿದು ಮಕ್ಕಳ ವೈದ್ಯರ ಬಳಿ ಹೋಗಿ.